ಒಂಬೈನೂರು ಸಂದೇಶ, ಒಂದೂವರೆ ಪುಟ

ಇಬ್ಬರು ಸಹೋದ್ಯೋಗಿಗಳು ನಾಲ್ಕು ತಿಂಗಳು ವಾಟ್ಸ್ಆ್ಯಪ್‌ನಲ್ಲೇ ಮಾತಾಡಿಕೊಂಡು ಒಂದು ಕೆಲಸ ನಡೆಸಿರುತ್ತಾರೆ. ಅವರಲ್ಲೊಬ್ಬರು ರಜೆಗೋ ವರ್ಗಾವಣೆಗೋ ಹೊರಟಾಗ ಆ ಜಾಗಕ್ಕೆ ಬರುವವರಿಗೆ ಮಾತುಕತೆಯನ್ನು ಇಡಿಯಾಗಿ ಕಳಿಸಿ, 'ಒಂದು ಸಲ ಓದ್ಕೊಳ್ಳಿ, ಎಲ್ಲಾ ಅದರಲ್ಲೇ ಇದೆ' ಅನ್ನುವುದು ನಮ್ಮ ಕಚೇರಿಗಳ ರೂಢಿ. ಎಲ್ಲಾ ಇದೆ ಅನ್ನುವುದು ನಿಜ. ತೊಂದರೆ ಇರುವುದೂ ಅಲ್ಲೇ. ಜನವರಿಯಲ್ಲಿ ಮಾಡಿ ಫೆಬ್ರವರಿಯಲ್ಲಿ ಮುರಿದ ತೀರ್ಮಾನ, ಮಾರ್ಚಿನಲ್ಲಿ ಅದರ ಬದಲಿಗೆ ಬಂದದ್ದು, ಯಾರೂ ಒಪ್ಪದೆ ಗಾಳಿಗೆ ಹೋದ ಸಲಹೆ ಎಲ್ಲವೂ ಪರದೆಯ ಮೇಲೆ ಒಂದೇ ಗಾತ್ರದ ಅಕ್ಷರದಲ್ಲಿ, ಒಂದೇ ಬಣ್ಣದ ಚೌಕದಲ್ಲಿ ಕೂತಿರುತ್ತವೆ. ಯಾವುದು ಈಗಲೂ ನಿಂತಿದೆ ಎಂದು ಹೊಸಬರಿಗೆ ಗೊತ್ತಾಗುವ ದಾರಿಯಿಲ್ಲ.

ಸ್ವಲ್ಪ ಶ್ರದ್ಧೆಯುಳ್ಳವರು ಸಾರಾಂಶ ಬರೆಯುತ್ತಾರೆ: ಮೊದಲು ಇದನ್ನು ಚರ್ಚಿಸಿದೆವು, ಆಮೇಲೆ ಅದು ಬಂತು, ಕೊನೆಗೆ ಹೀಗಾಯಿತು. ಇದು ಮಾತುಕತೆಯ ಕಥೆ. ಓದಲು ಚೆನ್ನಾಗಿರಬಹುದು, ಕೆಲಸಕ್ಕೆ ಬರುವುದು ಕಡಿಮೆ. ಹ್ಯಾಂಡೋವರ್ ಟಿಪ್ಪಣಿ ಮಾತುಕತೆಯ ಬಗ್ಗೆ ಹೇಳಬೇಕಾಗಿಲ್ಲ. ಇಂಥ ತಾರೀಖಿಗೆ ಕೆಲಸ ಎಲ್ಲಿ ನಿಂತಿದೆ, ಯಾವುದು ಇತ್ಯರ್ಥವಾಗಿದೆ, ಯಾರ ಮಾತಿನ ಮೇಲೆ ಆಗಿದೆ ಎಂದು ಹೇಳಬೇಕು. ಈ ಎರಡರ ವ್ಯತ್ಯಾಸ ಒಂದು ಪ್ರಸಂಗವನ್ನು ಬಿಡಿಸಿ ನೋಡಿದರೆ ತಿಳಿಯುತ್ತದೆ. ಪ್ರಸಂಗ ನಾನು ಕಟ್ಟಿದ್ದು, ಆದರೆ ಪುಸ್ತಕ ಮಾಡುವವರಿಗೆ ಅದರಲ್ಲಿ ಹೊಸದೇನೂ ಕಾಣಲಾರದು.

ಬೆಂಗಳೂರಿನ ಒಂದು ಸಣ್ಣ ಪ್ರಕಾಶನ. ಬಹಳ ವರ್ಷಗಳಿಂದ ಪ್ರತಿ ಸಿಗದ ಒಂದು ಕಥಾಸಂಕಲನವನ್ನು ಮರುಮುದ್ರಿಸಬೇಕು. ಸಂಪಾದಕಿ ಒಬ್ಬರು, ಡಿಟಿಪಿಯಿಂದ ಪ್ರೆಸ್ಸಿನವರೆಗೆ ತಯಾರಿಕೆ ನೋಡಿಕೊಳ್ಳುವವರು ಇನ್ನೊಬ್ಬರು. 2025ರ ಜನವರಿ 6ರಿಂದ ಏಪ್ರಿಲ್ 25ರವರೆಗೆ ಇಬ್ಬರ ನಡುವೆ ಸುಮಾರು ಒಂಬೈನೂರು ಸಂದೇಶಗಳು ಓಡಾಡಿವೆ. ಸಂಪಾದಕಿ 26 ವಾರಗಳ ಹೆರಿಗೆ ರಜೆಗೆ ಹೊರಟಿದ್ದಾರೆ. ಅವರ ಜಾಗಕ್ಕೆ ಬರುತ್ತಿರುವ ತರುಣನಿಗೆ ಈ ಪುಸ್ತಕದ ಹೆಸರಷ್ಟೇ ಗೊತ್ತು. ಹೊರಡುವ ಮುಂಚೆ ಸಂಪಾದಕಿ ಟಿಪ್ಪಣಿ ಬರೆಯಬೇಕು.

ಮೊದಲ ಕೆಲಸ ಮಾತುಕತೆಯನ್ನು ಫೋನಿನಿಂದ ಹೊರಗೆ ತೆಗೆಯುವುದು. ವಾಟ್ಸ್ಆ್ಯಪ್‌ನ ಮೆನುವಿನಲ್ಲಿ `Export chat` ಎಂದಿರುತ್ತದೆ. ಅದು ಇಡೀ ಮಾತುಕತೆಯನ್ನು ಒಂದು `.txt` ಕಡತವಾಗಿ ಕೊಡುತ್ತದೆ. ದೊಡ್ಡ ಪರದೆಯಲ್ಲಿ ಓದಲು, ಗುರುತು ಹಾಕಿಕೊಳ್ಳಲು, ಹುಡುಕಲು ಇದು ಅನುಕೂಲ. ಆದರೆ ಆ ಕಡತವನ್ನೇ ಪೂರ್ತಿ ನಂಬಬಾರದು, ಏಕೆಂದರೆ ಕೆಲವು ಸಂಗತಿಗಳು ಅದರಲ್ಲಿ ಬರುವುದೇ ಇಲ್ಲ. ಒಂದು ಸಂದೇಶವನ್ನು ಒತ್ತಿಹಿಡಿದು ಅದಕ್ಕೇ ಉತ್ತರ ಕೊಟ್ಟಿದ್ದರೆ, ಯಾವುದಕ್ಕೆ ಉತ್ತರ ಎಂಬ ಕೊಂಡಿ ಕಡತದಲ್ಲಿ ಕಾಣುವುದಿಲ್ಲ. ಬರಿಯ 'ಇದೇ ಇರಲಿ' ಎಂದಿರುತ್ತದೆ, ಯಾವುದು ಎಂದಿರುವುದಿಲ್ಲ. ಸಂದೇಶದ ಮೂಲೆಗೆ ಅಂಟಿಸಿದ ಹೆಬ್ಬೆರಳಿನ ಗುರುತೂ ಬರುವುದಿಲ್ಲ. ಧ್ವನಿ ಸಂದೇಶಗಳು ಮಾಧ್ಯಮ ಬೇಡವೆಂದು ತೆಗೆದಾಗ `<Media omitted>` ಎಂಬ ಒಂದು ಸಾಲಾಗಿ ಬಿಡುತ್ತವೆ. ಕಳಿಸಿದ ಸಂದೇಶವನ್ನು ಹದಿನೈದು ನಿಮಿಷದೊಳಗೆ ತಿದ್ದಬಹುದು. ತಿದ್ದಿದ್ದರೆ ಹಾಗೆಂದು ಗುರುತು ಇರುತ್ತದೆ, ಮೊದಲು ಏನಿತ್ತು ಎಂಬುದು ಇರುವುದಿಲ್ಲ. ಹಾಗಾಗಿ ಕಡತವನ್ನು ಓದುತ್ತ ಫೋನನ್ನೂ ಪಕ್ಕದಲ್ಲೇ ತೆರೆದಿಟ್ಟುಕೊಳ್ಳಬೇಕು. ಧ್ವನಿ ಸಂದೇಶಗಳನ್ನು ಒಂದೊಂದಾಗಿ ಕೇಳಲೇಬೇಕು. ಬೇಸರದ ಕೆಲಸ, ಒಪ್ಪುತ್ತೇನೆ. ಆದರೆ ಜನ ಬೆರಳು ನೋಯಿಸಿಕೊಂಡು ಬರೆಯಲು ಆಗದಷ್ಟು ಮುಖ್ಯವಾದ ಮಾತು ಬಂದಾಗಲೇ ಮೈಕಿನ ಗುಂಡಿ ಒತ್ತುತ್ತಾರೆ.

ಹುಡುಕುವಾಗ ಕನ್ನಡಿಗರಿಗೇ ವಿಶೇಷವಾದ ಒಂದು ಫಜೀತಿ ಇದೆ. ಒಂದೇ ವಿಷಯವನ್ನು ನಾವು ಬೆಳಿಗ್ಗೆ ಕನ್ನಡ ಲಿಪಿಯಲ್ಲಿ, ಮಧ್ಯಾಹ್ನ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ, ಸಂಜೆ ಇಂಗ್ಲಿಷಿನಲ್ಲೇ ಬರೆದಿರುತ್ತೇವೆ. ಮುನ್ನುಡಿಯ ವಿಷಯ ಎಲ್ಲಿ ಬಂದಿದೆ ಎಂದು ನೋಡಲು `ಮುನ್ನುಡಿ`, `munnudi`, `foreword` ಮೂರನ್ನೂ ಹುಡುಕಬೇಕು, `preface` ಕೂಡ. ಒಂದನ್ನೇ ಹುಡುಕಿ ಮುಗಿಯಿತೆಂದುಕೊಂಡವರಿಗೆ ಕೊನೆಯ ಮಾತು ತಪ್ಪಿಹೋಗಬಹುದು.

ಓದುವ ಕ್ರಮವೂ ಮುಖ್ಯ. ಮೇಲಿನಿಂದ ಕೆಳಗೆ ಒಂದು ಸಲ ಬೇಗ ಬೇಗ ಓದಬೇಕು. ಅದು ಯಾವ ಯಾವ ವಿಷಯ ಬಂದಿವೆ ಎಂದು ಪಟ್ಟಿ ಮಾಡಿಕೊಳ್ಳಲು ಮಾತ್ರ. ಈ ಪ್ರಸಂಗದಲ್ಲಿ ಪಟ್ಟಿ ಹೀಗೆ ಬಂತೆನ್ನಿ: ಹಳೆಯ ಕಡತದ ಪರಿವರ್ತನೆ, ಕಥೆಗಳ ಭಾಷೆ, ಪುಸ್ತಕದ ಅಳತೆ, ಕಾಗದ, ಪುಟ, ಮುಖಪುಟ, ಪ್ರತಿಗಳ ಸಂಖ್ಯೆ. ಆಮೇಲೆ ಒಂದೊಂದು ವಿಷಯವನ್ನೂ ಎತ್ತಿಕೊಂಡು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ಅದರ ಬಗ್ಗೆ ಕೊನೆಗೆ ಆಡಿದ ಮಾತು ಯಾವುದು, ಅದು ತೀರ್ಮಾನವೋ ಬರಿಯ ಪ್ರಸ್ತಾಪವೋ, ತೀರ್ಮಾನವಾದರೆ ಅದಕ್ಕೆ ಕಾರಣವಾದದ್ದು ಎಲ್ಲಿದೆ, ಷರತ್ತೇನಾದರೂ ಇತ್ತೇ ಎಂದು ನೋಡುತ್ತ ಹೋಗಬೇಕು. ಮೇಲಿನಿಂದ ಬಂದರೆ ಶುರುವಿನ ಉದ್ದುದ್ದ ಚರ್ಚೆಗಳೇ ಮನಸ್ಸಿನಲ್ಲಿ ಕೂರುತ್ತವೆ. ಜನವರಿಯಲ್ಲಿ ನಲವತ್ತು ಸಂದೇಶ ಖರ್ಚಾದ ವಿಷಯ ಮಾರ್ಚಿನಲ್ಲಿ ಎರಡೇ ಪದದಲ್ಲಿ ತಿರುಗಿಬಿದ್ದಿರುತ್ತದೆ.

ಪ್ರತಿಗಳ ಸಂಖ್ಯೆಯನ್ನೇ ನೋಡೋಣ. ಕಡತದಲ್ಲಿ ಅದಕ್ಕೆ ಸಂಬಂಧಿಸಿದ ಸಾಲುಗಳು ಇವು:

```
03/03/25, 11:42 am - ಸಂಪಾದಕಿ: 500 ಸಾಕು ಸರ್, ಗೋಡೌನಲ್ಲಿ ಜಾಗ ಇಲ್ಲ
03/03/25, 11:58 am - ತಯಾರಿಕೆ: 500ಕ್ಕೆ ಪ್ರತಿ ದುಬಾರಿ ಬೀಳತ್ತೆ ಮೇಡಂ
03/03/25, 12:03 pm - ಸಂಪಾದಕಿ: ಪರವಾಗಿಲ್ಲ, ಯಜಮಾನ್ರೂ 500 ಅಂದಿದಾರೆ
17/03/25, 4:15 pm - ಸಂಪಾದಕಿ: ಪಠ್ಯ ಆದ್ರೆ 1000 ಮಾಡೋಣ
17/03/25, 4:16 pm - ತಯಾರಿಕೆ: ಆಯ್ತು ಮೇಡಂ
02/04/25, 10:05 am - ತಯಾರಿಕೆ: ಪ್ರೆಸ್ಸಿಗೆ 1000ಕ್ಕೇ ರೇಟ್ ಕೇಳಿದೀನಿ
02/04/25, 10:31 am - ಸಂಪಾದಕಿ: ಸರಿ
```

ಕೊನೆಯ ಸಾಲನ್ನಷ್ಟೇ ನೋಡಿದವರು 'ಸಾವಿರ ಪ್ರತಿ, ಏಪ್ರಿಲ್ 2ರಂದು ಒಪ್ಪಿಗೆ' ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಏಪ್ರಿಲ್ 2ರ 'ಸರಿ' ದರ ಕೇಳಿದ್ದಕ್ಕೆ ಸಿಕ್ಕ ಒಪ್ಪಿಗೆ, ಮುದ್ರಿಸುವುದಕ್ಕೆ ಅಲ್ಲ. ಒಂದು ವಿಶ್ವವಿದ್ಯಾಲಯ ಈ ಪುಸ್ತಕವನ್ನು ಪದವಿ ತರಗತಿಗೆ ಪಠ್ಯ ಮಾಡುವ ಮಾತು ನಡೆದಿತ್ತು. ಮಾರ್ಚ್ 17ರ ಸಾವಿರ ಆ ಷರತ್ತಿಗೆ ಕಟ್ಟಿಕೊಂಡದ್ದು, ಷರತ್ತು ಇನ್ನೂ ಕೂಡಿಬಂದಿಲ್ಲ. ಮಾರ್ಚ್ 3ರ ಐನೂರಕ್ಕೆ ಮಾತ್ರ ಪ್ರಕಾಶನದ ಯಜಮಾನರ ಹೆಸರು ಅಂಟಿಕೊಂಡಿದೆ, ಮತ್ತು ಎಷ್ಟು ಪ್ರತಿ ಹಾಕಿಸಬೇಕು ಎಂದು ಹೇಳುವ ಹಕ್ಕು ಇರುವುದು ಅವರಿಗೇ. ಇಬ್ಬರು ಸಹೋದ್ಯೋಗಿಗಳು ತಮ್ಮ ತಮ್ಮಲ್ಲಿ ಒಪ್ಪಿಕೊಂಡದ್ದು ಬೇರೆ, ಒಪ್ಪಬೇಕಾದವರು ಒಪ್ಪಿದ್ದು ಬೇರೆ. ಟಿಪ್ಪಣಿಯಲ್ಲಿ ಇವೆರಡೂ ಬೆರೆತುಹೋದರೆ ಹೊಸಬ ಸಾವಿರ ಪ್ರತಿಗೆ ಆರ್ಡರ್ ಕೊಟ್ಟಾನು. ಆದ್ದರಿಂದ ಟಿಪ್ಪಣಿಗೆ ಬರುವ ಸಾಲು ಹೀಗಿರಬೇಕು:

'ಪ್ರತಿಗಳು: 500 (ಯಜಮಾನರು ಹೇಳಿದ್ದು, ಮಾರ್ಚ್ 3). ಪಠ್ಯವಾಗಿ ಆಯ್ಕೆಯಾದರೆ 1000 ಎಂದು ನಾವಿಬ್ಬರು ಮಾರ್ಚ್ 17ರಂದು ಮಾತಾಡಿಕೊಂಡಿದ್ದೇವೆ, ಯಜಮಾನರನ್ನು ಕೇಳಿಲ್ಲ. ಆಯ್ಕೆಯ ಸುದ್ದಿ ಏಪ್ರಿಲ್ 25ರವರೆಗೆ ಬಂದಿಲ್ಲ. ಪ್ರೆಸ್ಸಿಗೆ 1000ಕ್ಕೆ ದರ ಕೇಳಿದ್ದು ಅಂದಾಜಿಗೆ ಮಾತ್ರ.'

ಏಳು ಸಾಲಿನ ಮಾತುಕತೆಗೆ ನಾಲ್ಕು ವಾಕ್ಯ. ಇಲ್ಲಿ ಗಾತ್ರ ಹೆಚ್ಚು ಇಳಿದಿಲ್ಲ, ಇಳಿಯಬೇಕಾಗಿಯೂ ಇಲ್ಲ. ಟಿಪ್ಪಣಿ ಚಿಕ್ಕದಾಗುವುದು ಬೇರೆ ಕಡೆ: ಪುಸ್ತಕದ ಅಳತೆಯ ಬಗ್ಗೆ ಕ್ರೌನ್ ಬೇಕೋ ಡೆಮಿ ಬೇಕೋ ಎಂದು ಎಪ್ಪತ್ತು ಸಂದೇಶ ಇದ್ದರೂ ಟಿಪ್ಪಣಿಗೆ 'ಡೆಮಿ 1/8' ಎಂಬ ಒಂದೇ ಮಾತು ಸಾಕು. ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಂಡಿ ಚಿಕ್ಕದು ಮಾಡುವವರು ಮೊದಲು ಕಳೆದುಕೊಳ್ಳುವುದು ಷರತ್ತುಗಳನ್ನು. 'ಆದರೆ', 'ಬಂದರೆ', 'ಅಲ್ಲಿಯವರೆಗೆ' ಎಂಬ ಪುಟ್ಟ ಮಾತುಗಳು ಉದುರಿಹೋಗಿ, ಬಹುಶಃ ಇದ್ದದ್ದು ಖಂಡಿತವಾಗಿಬಿಡುತ್ತದೆ.

ಹೆಬ್ಬೆರಳಿನ ಗುರುತಿನ ಕಥೆ ಇದಕ್ಕಿಂತ ತೊಡಕಿನದು. ಮುಖಪುಟಕ್ಕೆ ಕಲಾವಿದರು ಮೂರು ಮಾದರಿ ಮಾಡಿಕೊಟ್ಟರು. ತಯಾರಿಕೆಯವರು ಮೂರನ್ನೂ ಒಟ್ಟಿಗೆ ಕಳಿಸಿದರು. ಸಂಪಾದಕಿ ಹೆಬ್ಬೆರಳು ಎತ್ತಿದರು. ಯಾವುದಕ್ಕೆ? ಎರಡನೆಯದು ಒಪ್ಪಿಗೆ ಎಂದೋ, ಮೂರೂ ಬಂದು ಸೇರಿದವು ಎಂದೋ? ಇಂಥ ಪ್ರಶ್ನೆ ಕೆನಡಾದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದೆ. ಸಸ್ಕಾಚೆವಾನ್ ಪ್ರಾಂತ್ಯದ ಒಬ್ಬ ರೈತರಿಗೆ ಧಾನ್ಯ ಕೊಳ್ಳುವ ಕಂಪನಿಯವರು 2021ರಲ್ಲಿ 87 ಟನ್ ಅಗಸೆ ಬೀಜದ ಕರಾರುಪತ್ರದ ಫೋಟೊ ಕಳಿಸಿ, ಖಚಿತಪಡಿಸಿ ಎಂದು ಕೇಳಿದರು. ರೈತರ ಕಡೆಯಿಂದ ಬಂದದ್ದು ಹೆಬ್ಬೆರಳಿನ ಚಿಹ್ನೆ. ಬೀಜ ಬರಲಿಲ್ಲ, ಅಷ್ಟರಲ್ಲಿ ಬೆಲೆ ಏರಿತು. ಪತ್ರ ತಲುಪಿತು ಎಂದಷ್ಟೇ ಹೇಳಿದ್ದೆ ಎಂದು ರೈತರು ವಾದಿಸಿದರು. 2023ರಲ್ಲಿ ನ್ಯಾಯಾಲಯ ಅದನ್ನು ಒಪ್ಪಿಗೆಯೆಂದೇ ಎಣಿಸಿ 82 ಸಾವಿರ ಕೆನಡಿಯನ್ ಡಾಲರಿಗೂ ಹೆಚ್ಚು ಕೊಡಬೇಕೆಂದಿತು; ಮೇಲ್ಮನವಿಯಲ್ಲೂ ಆ ತೀರ್ಪು ಉಳಿಯಿತು. ನಮಗೆ ಬೇಕಾದದ್ದು ನ್ಯಾಯಾಧೀಶರು ಕೊಟ್ಟ ಮುಖ್ಯ ಕಾರಣ: ಅದೇ ಇಬ್ಬರು ಹಿಂದೆ ಮಾಡಿಕೊಂಡ ಕರಾರುಗಳಲ್ಲೂ ರೈತರು 'ಓಕೆ', 'ಹ್ಞೂಂ' ಎಂಬಂಥ ಒಂದೊಂದೇ ಪದದಲ್ಲಿ ಉತ್ತರಿಸಿ, ಆಮೇಲೆ ಧಾನ್ಯ ಕೊಟ್ಟಿದ್ದರು. ಅಂದರೆ ಚಿಹ್ನೆಗೆ ಅರ್ಥ ಕೊಟ್ಟದ್ದು ಆ ಇಬ್ಬರ ಹಳೆಯ ರೂಢಿ.

ಟಿಪ್ಪಣಿ ಬರೆಯುವವರು ಇದನ್ನು ಹಾಗೇ ಎತ್ತಿಕೊಳ್ಳಬಹುದು. ಈ ಇಬ್ಬರಲ್ಲಿ ಹೆಬ್ಬೆರಳು ಬಂದ ಮೇಲೆ ಸಾಮಾನ್ಯವಾಗಿ ಏನಾಗಿದೆ ಎಂದು ಹಿಂದಿನ ನಾಲ್ಕಾರು ಸಂದರ್ಭ ತೆಗೆದು ನೋಡಬೇಕು. ಅದಾದ ಮೇಲೆ ತಯಾರಿಕೆಯವರು ಕೆಲಸ ಮುಂದುವರಿಸಿದ್ದಾರೆಯೇ, ಇಲ್ಲ ಮರುದಿನ ಮತ್ತೆ 'ಮೇಡಂ, ಫೈನಲ್ ಮಾಡಲಾ?' ಎಂದು ಕೇಳಿದ್ದಾರೆಯೇ? ನಮ್ಮ ಪ್ರಸಂಗದಲ್ಲಿ ಎರಡನೆಯದೇ ಹೆಚ್ಚು. ಹಾಗಾದರೆ ಈ ಜೋಡಿಯ ಮಟ್ಟಿಗೆ ಹೆಬ್ಬೆರಳೆಂದರೆ 'ನೋಡಿದೆ'. ಮುಖಪುಟ ಇನ್ನೂ ಇತ್ಯರ್ಥವಾಗಿಲ್ಲವೆಂದೇ ಎಣಿಸಿ, ಮುಂದಿನ ಸಂದೇಶಗಳಲ್ಲಿ ಹುಡುಕಬೇಕು. ಹುಡುಕಿದರೆ ಮಾರ್ಚ್ 10ರ ಒಂದು ಧ್ವನಿ ಸಂದೇಶದಲ್ಲಿ ಸಿಗುತ್ತದೆ: 'ಸರ್, ಲೇಖಕರ ಮಗಳಿಗೆ ತೋರಿಸಿದೆ, ಬಾವಿಕಟ್ಟೆ ಇರೋದೇ ಇರಲಿ ಅಂದ್ರು.' ಬಾವಿಕಟ್ಟೆಯಿರುವುದು ಎರಡನೆಯ ಮಾದರಿ. ಅಂದೇ ಸಂಜೆ ಕಲಾವಿದರು ಅಂತಿಮ ಕಡತ ಕಳಿಸಿದ್ದಾರೆ. ಇದು ಇತ್ಯರ್ಥ. ಟಿಪ್ಪಣಿಗೆ 'ಮುಖಪುಟ: ಬಾವಿಕಟ್ಟೆಯ ಚಿತ್ರ, ಲೇಖಕರ ಮಗಳು ಒಪ್ಪಿದ್ದು, ಅಂತಿಮ ಕಡತ ಮಾರ್ಚ್ 10ರದು' ಎಂದು ಬರೆಯಬೇಕು. 'ಎರಡನೆಯ ಮಾದರಿ' ಎಂದರೆ ಸಾಲದು. ಹೊಸಬನ ಫೋನಿನಲ್ಲಿ ಚಿತ್ರಗಳು ಯಾವ ಕ್ರಮದಲ್ಲಿ ಬಂದಿವೆಯೋ.

ತಾರೀಖುಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಮಾತುಕತೆಯಲ್ಲಿ ಜನ 'ನಾಳೆ', 'ಬರೋ ಸೋಮವಾರ', 'ಹಬ್ಬ ಆದ್ಮೇಲೆ' ಎನ್ನುತ್ತಾರೆ. ಸಂದೇಶದ ತಲೆಯ ಮೇಲಿರುವ ತಾರೀಖಿನಿಂದ ಎಣಿಸಿ ಅದನ್ನು ದಿನಾಂಕವಾಗಿ ಬದಲಿಸಬೇಕು. ರಾತ್ರಿ 12:10ಕ್ಕೆ 'ನಾಳೆ ಪ್ರೂಫ್ ಕೊಡ್ತೀನಿ' ಎಂದವರ ಮನಸ್ಸಿನಲ್ಲಿದ್ದದ್ದು ಬಹುಪಾಲು ಬೆಳಗಾದರೆ ಬರುವ ದಿನ. ಕಡತದ ಲೆಕ್ಕದಲ್ಲಿ ಅದು ಆಗಲೇ 'ಇವತ್ತು'.

ಈಗ ತೀರ್ಮಾನದ ಕಾರಣಗಳಿಗೆ ಬರೋಣ. ಯಾವ ತೀರ್ಮಾನಕ್ಕೆ ಕಾರಣ ಬರೆಯಬೇಕು, ಯಾವುದಕ್ಕೆ ಬೇಡ? ನನ್ನ ಲೆಕ್ಕದಲ್ಲಿ ಅಳತೆಗೋಲು ಒಂದೇ: ಕಾರಣ ಗೊತ್ತಿಲ್ಲದ ಒಳ್ಳೆಯ ಕೆಲಸಗಾರ ಅದನ್ನು ತಪ್ಪೆಂದು ತಿಳಿದು 'ಸರಿಪಡಿಸುವ' ಸಂಭವ ಇದೆಯೇ? ಡೆಮಿ ಅಳತೆಯನ್ನು ಯಾರೂ ಸರಿಪಡಿಸಲು ಹೋಗುವುದಿಲ್ಲ, ಕಾರಣ ಬೇಡ. ಆದರೆ ಈ ಕಥೆಗಳ ಸಂಭಾಷಣೆ ಧಾರವಾಡದ ಕಡೆಯ ಆಡುಮಾತಿನಲ್ಲಿದೆ. ಹಳೆಯ ಮುದ್ರಣದಲ್ಲಿ 'ಹೋಗ್ತೇನಿ', 'ಬರಾಕತ್ತಾನ' ಎಂದಿರುವುದನ್ನು ಅಕ್ಷರಕ್ಕಕ್ಷರ ಹಾಗೇ ಉಳಿಸಬೇಕು ಎಂದು ಫೆಬ್ರವರಿಯಲ್ಲಿ ನಿಶ್ಚಯವಾಗಿದೆ. ಮರುಮುದ್ರಣಕ್ಕೆ ಲೇಖಕರ ಮಗಳು ಒಪ್ಪಿದ್ದೇ ಆ ಮಾತಿನ ಮೇಲೆ. ಲೇಖಕರು ತೀರಿಕೊಂಡು 60 ವರ್ಷದವರೆಗೆ ನಮ್ಮ ಕಾನೂನಿನಲ್ಲಿ ಹಕ್ಕು ವಾರಸುದಾರರದು, ಆದ್ದರಿಂದ ಅವರ ಒಪ್ಪಿಗೆ ಬರಿಯ ಸೌಜನ್ಯದ ಮಾತಲ್ಲ. ಹೊಸಬ ಮೈಸೂರಿನ ಕಡೆಯವನಾದರೆ, ಪ್ರೂಫ್ ನೋಡುವವರು ಇನ್ನೂ ಶಿಸ್ತಿನವರಾದರೆ, ಎರಡೇ ದಿನದಲ್ಲಿ ಎಲ್ಲವನ್ನೂ ಶಿಷ್ಟ ಕನ್ನಡ ಮಾಡಿ ಕೂರಿಸಿಬಿಡುತ್ತಾರೆ, ಅದೂ ಒಳ್ಳೆಯ ಮನಸ್ಸಿನಿಂದ. ಹಾಗಾಗಿ ಇಲ್ಲಿ ಕಾರಣ ಬರಲೇಬೇಕು.

ಕೈಬಿಟ್ಟ ದಾರಿಗಳದೂ ಇದೇ ಕಥೆ. ಹಳೆಯ ಕಡತ ಪೇಜ್‌ಮೇಕರಿನಲ್ಲಿ ನುಡಿ ಫಾಂಟಿನದು. ಅದನ್ನು ಯೂನಿಕೋಡಿಗೆ ಪರಿವರ್ತಿಸುವುದೋ, ಹೊಸದಾಗಿ ಟೈಪ್ ಮಾಡಿಸುವುದೋ ಎಂಬ ಚರ್ಚೆ ಜನವರಿ ಪೂರ್ತಿ ನಡೆದಿದೆ. ಎರಡು ಕಥೆ ಪರಿವರ್ತಿಸಿ ನೋಡಿದಾಗ ಅರ್ಕಾವತ್ತು ಕೆಲವು ಕಡೆ ಪಕ್ಕದ ಅಕ್ಷರಕ್ಕೆ ಹಾರಿತ್ತು. ಕಥೆಯೊಳಗೆ ಅಲ್ಲಲ್ಲಿ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿದ್ದವು. ಸಂಪಾದಕಿ ಸಿಟ್ಟಾಗಿ 'ಟೈಪ್ ಮಾಡ್ಸಿಬಿಡಿ ಸರ್' ಎಂದರು. ಆಮೇಲೆ, ಟೈಪ್ ಮಾಡಿಸಿದರೆ ಆಪರೇಟರು ಕೈರೂಢಿಯಲ್ಲಿ ಆಡುಮಾತನ್ನು ತಿದ್ದಿಬಿಡುತ್ತಾರೆ, ಆ ತಪ್ಪು ಕಣ್ಣಿಗೂ ಬೀಳುವುದಿಲ್ಲ. ಪರಿವರ್ತನೆಯ ತಪ್ಪಾದರೆ ಕಣ್ಣಿಗೆ ಹೊಡೆಯುತ್ತದೆ ಎಂದು ತಯಾರಿಕೆಯವರು ವಾದಿಸಿದರು. ಕೊನೆಗೆ ಪರಿವರ್ತನೆಯೇ ಉಳಿಯಿತು, ಎರಡು ಸುತ್ತು ಪ್ರೂಫ್ ಎಂದಾಯಿತು. ಈ ಕಾರಣ ಟಿಪ್ಪಣಿಯಲ್ಲಿ ಇಲ್ಲದಿದ್ದರೆ ಮೊದಲ ಪ್ರೂಫ್ ನೋಡಿದ ದಿನವೇ ಹೊಸಬನೂ 'ಟೈಪ್ ಮಾಡಿಸಿಬಿಡೋಣ' ಎಂದಾನು, ಜನವರಿ ಮತ್ತೆ ಶುರುವಾಗುತ್ತದೆ. ಸಿಟ್ಟು ಬಂದದ್ದು, ಯಾರು ಯಾರಿಗೆ ಏನೆಂದರು ಎಂಬುದು ಟಿಪ್ಪಣಿಗೆ ಬೇಡ. ವಾದದ ತಿರುಳು ಮಾತ್ರ ಸಾಕು.

ಬೇಡವಾದದ್ದು ಇನ್ನೂ ಇದೆ. ಮಾತುಕತೆಯ ನಡುವೆ ಲೇಖಕರ ಮಗಳ ಮನೆ ವಿಳಾಸ, ಕಲಾವಿದರ ಬ್ಯಾಂಕ್ ಖಾತೆಯ ಸಂಖ್ಯೆ, ಕಡತಗಳಿಟ್ಟ ಖಾತೆಯ ಪಾಸ್‌ವರ್ಡ್ ಎಲ್ಲವೂ ಬಂದುಹೋಗಿರುತ್ತವೆ. ಟಿಪ್ಪಣಿ ಹಲವರ ಕೈಗೆ ಹೋಗುವ ಕಾಗದ. ಅದರಲ್ಲಿ ಇವು ಎಲ್ಲಿವೆ, ಯಾರ ಬಳಿ ಕೇಳಬೇಕು ಎಂದಷ್ಟೇ ಇರಲಿ. ಮೊದಲೇ ಹೇಳಿದ `.txt` ಕಡತವನ್ನೂ ಇದೇ ಕಾರಣಕ್ಕೆ ಟಿಪ್ಪಣಿಯ ಜೊತೆ ಲಗತ್ತಿಸಬಾರದು.

ಮಾತುಕತೆಯನ್ನು ವಿಷಯವಾರು ಕಿತ್ತು ಜೋಡಿಸುವುದರಿಂದ ಆಗುವ ದೊಡ್ಡ ಲಾಭ ನನಗೆ ಕಾಣುವುದು ಇನ್ನೊಂದು. ಅದು ಇಬ್ಬರಿಗೂ ಗೊತ್ತಿಲ್ಲದ ಬಿರುಕನ್ನು ಹೊರಗೆ ಹಾಕುತ್ತದೆ. ನಮ್ಮ ಪಟ್ಟಿಯಲ್ಲಿ ಕಾಗದ, ಪುಟ, ಮುಖಪುಟ ಎಂಬ ಮೂರು ವಿಷಯ ಬೇರೆ ಬೇರೆ ಇವೆ. ಮುಖಪುಟದ ಅಂತಿಮ ಕಡತ ಮಾರ್ಚ್ 10ರದು. ಆಗ ಪುಸ್ತಕ 208 ಪುಟ, ಕಾಗದ 70 ಜಿಎಸ್‌ಎಂ ಮ್ಯಾಪ್ಲಿಥೋ. ಮಾರ್ಚ್ 24ರಂದು, ಒಂದು ಬದಿಯ ಅಕ್ಷರ ಇನ್ನೊಂದು ಬದಿಗೆ ಕಾಣುತ್ತದೆ ಎಂದು ಕಾಗದ 80 ಜಿಎಸ್‌ಎಂ ಆಯಿತು. ಏಪ್ರಿಲ್ 4ರಂದು ಹೊಸ ಮುನ್ನುಡಿ ಬಂತು, ಎಂಟು ಪುಟ ಹೆಚ್ಚಿ 216 ಆಯಿತು. ಹದಿನಾರು ಪುಟದ ಹದಿಮೂರು ಫಾರಂ ಇದ್ದದ್ದು ಹದಿಮೂರೂವರೆಯಾಗುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದ್ದಾರೆ, ಪ್ರೆಸ್ಸಿನವರಿಗೆ ಅದು ಆಗುತ್ತದೆಯೇ ಎಂದೂ ಕೇಳಿದ್ದಾರೆ. ಒಂದೊಂದು ತೀರ್ಮಾನವೂ ಅದರ ದಿನದಲ್ಲಿ ಸರಿ. ಆದರೆ ಪುಸ್ತಕದ ಬೆನ್ನಿನ ಅಗಲ ನಿಂತಿರುವುದು ಹಾಳೆಗಳ ಸಂಖ್ಯೆ ಮತ್ತು ಹಾಳೆಯ ದಪ್ಪದ ಮೇಲೆ. 208 ಪುಟವೆಂದರೆ 104 ಹಾಳೆ. 70 ಜಿಎಸ್‌ಎಂನ ಹಾಳೆ ಸುಮಾರು 0.09 ಮಿಲಿಮೀಟರ್ ದಪ್ಪವೆಂದು ಹಿಡಿದರೆ ಬೆನ್ನು ಒಂಬತ್ತೂಕಾಲು ಮಿಲಿಮೀಟರಿನ ಆಸುಪಾಸು. 216 ಪುಟವೆಂದರೆ 108 ಹಾಳೆ. 80 ಜಿಎಸ್‌ಎಂಗೆ ಸುಮಾರು 0.105 ಹಿಡಿದರೆ ಹನ್ನೊಂದೂಕಾಲು ದಾಟುತ್ತದೆ. ಕಾಗದದ ದಪ್ಪ ಮಿಲ್ಲಿನಿಂದ ಮಿಲ್ಲಿಗೆ ಬೇರೆ, ಆದ್ದರಿಂದ ನಿಜವಾದ ಅಳತೆಯನ್ನು ಪ್ರೆಸ್ಸಿನವರು ಖಾಲಿ ಹಾಳೆಯ ಡಮ್ಮಿ ಕಟ್ಟಿ ನೋಡಿಯೇ ಹೇಳಬೇಕು. ಏನಿದ್ದರೂ ಎರಡು ಮಿಲಿಮೀಟರ್ ವ್ಯತ್ಯಾಸ. ಹಳೆಯ ಮುಖಪುಟವನ್ನೇ ಮುದ್ರಿಸಿದರೆ ಬೆನ್ನಿನ ಮೇಲಿನ ಹೆಸರು ನಡುವಿನಲ್ಲಿ ಕೂರುವುದಿಲ್ಲ, ಮುಂಬದಿಯ ಬಣ್ಣ ಬೆನ್ನಿಗೆ ಹರಿಯುತ್ತದೆ.

ಒಂಬೈನೂರು ಸಂದೇಶಗಳಲ್ಲಿ ಮಾರ್ಚ್ 10ರ ನಂತರ 'ಬೆನ್ನು' ಎಂಬ ಮಾತೇ ಇಲ್ಲ. `spine` ಕೂಡ ಇಲ್ಲ. ಎರಡು ವಾರಕ್ಕೊಂದರಂತೆ ಬಂದ ತೀರ್ಮಾನಗಳು ಒಂದಕ್ಕೊಂದು ಮುಖ ನೋಡಿಕೊಂಡೇ ಇಲ್ಲ. ಅವನ್ನು ಒಂದು ಹಾಳೆಯ ಮೇಲೆ ತಾರೀಖಿನ ಸಮೇತ ಅಕ್ಕಪಕ್ಕ ಬರೆದಾಗ ಮಾತ್ರ, ಮುಖಪುಟದ ತಾರೀಖು ಉಳಿದೆರಡಕ್ಕಿಂತ ಹಿಂದಿನದು ಎಂದು ಕಣ್ಣಿಗೆ ಬೀಳುತ್ತದೆ. ಟಿಪ್ಪಣಿಯಲ್ಲಿ ಪ್ರತಿ ತೀರ್ಮಾನಕ್ಕೂ ತಾರೀಖು ಬೇಕು ಅನ್ನುವುದು ಇದಕ್ಕೇ. ಹೀಗೆ ಸಿಕ್ಕಿದ್ದನ್ನು ತೀರ್ಮಾನಗಳ ನಡುವೆ ತೂರಿಸದೆ, ಕಣ್ಣಿಗೆ ಬೀಳುವಂತೆ ಬೇರೆಯಾಗಿ ಬರೆಯಬೇಕು:

'ಬಾಕಿ: ಮುಖಪುಟದ ಕಡತ 208 ಪುಟ, 70 ಜಿಎಸ್‌ಎಂ ಲೆಕ್ಕದ್ದು. ಈಗ 216 ಪುಟ, 80 ಜಿಎಸ್‌ಎಂ. ಪ್ರೆಸ್ಸಿನಿಂದ ಡಮ್ಮಿಯ ಅಳತೆ ಪಡೆದು ಬೆನ್ನು ಸರಿಪಡಿಸಿಕೊಡಲು ಕಲಾವಿದರಿಗೆ ಹೇಳಬೇಕು. ತಯಾರಿಕೆಯವರು ಕೇಳಬೇಕು, ಅದಾಗುವವರೆಗೆ ಮುಖಪುಟ ಪ್ರೆಸ್ಸಿಗೆ ಕಳಿಸಬಾರದು.'

ಕೊನೆಯ ಸಾಲನ್ನು ಗಮನಿಸಿ. ಯಾರು ಎಂಬುದು ಅಲ್ಲಿದೆ. ಕಚೇರಿ ಕನ್ನಡಕ್ಕೆ 'ಮಾಡಲಾಗುವುದು', 'ತೀರ್ಮಾನಿಸಲಾಯಿತು', 'ಕ್ರಮ ವಹಿಸಬೇಕಾಗಿದೆ' ಎಂದರೆ ಪ್ರೀತಿ. ಕೇಳಲು ಗಂಭೀರ, ಆದರೆ ಕರ್ತೃ ನಾಪತ್ತೆ. ಹ್ಯಾಂಡೋವರ್ ಟಿಪ್ಪಣಿಯಲ್ಲಿ ಕರ್ತೃವಿಲ್ಲದ ವಾಕ್ಯ ಸಿಕ್ಕಿದಲ್ಲೆಲ್ಲ ಯಾರೋ ಮರೆತ ಕೆಲಸ ಅಡಗಿರುತ್ತದೆ ಎಂದೇ ನಾನು ಅನುಮಾನಿಸುತ್ತೇನೆ.

ಟಿಪ್ಪಣಿ ಬರೆದಾಯಿತು, ಒಂದೂವರೆ ಪುಟ ಬಂತು. ಕಳಿಸುವ ಮುಂಚೆ ಮಾತುಕತೆಯ ಇನ್ನೊಂದು ತುದಿಯಲ್ಲಿದ್ದವರು, ಅಂದರೆ ತಯಾರಿಕೆಯವರು, ಅದನ್ನು ಓದಬೇಕು. ಒಬ್ಬರೇ ಬರೆದದ್ದು ಒಬ್ಬರ ನೆನಪು. 'ನಾವಿಬ್ಬರು ಹೀಗೆ ಒಪ್ಪಿದ್ದೇವೆ' ಎನ್ನುವ ಸಾಲಿಗೆ ಎರಡನೆಯವರ ಹ್ಞೂಂ ಬೇಕೇಬೇಕು. ಸಂದೇಶಗಳ ಹೊರಗೆ, ಫೋನಿನಲ್ಲಿ ಮಾತಾಡಿ ಬದಲಿಸಿದ್ದು ಏನಾದರೂ ಇದ್ದರೆ ಹೊರಬೀಳುವುದೂ ಆಗಲೇ.

ಆಮೇಲೆ ತೆಗೆದುಕೊಳ್ಳುವವರ ಸರದಿ. ಆಸ್ಪತ್ರೆಗಳಲ್ಲಿ ಪಾಳಿ ಬದಲಾದಾಗ ಒಬ್ಬ ವೈದ್ಯರು ಇನ್ನೊಬ್ಬರಿಗೆ ರೋಗಿಗಳನ್ನು ಒಪ್ಪಿಸುವುದಕ್ಕೆ ಅಮೆರಿಕದಲ್ಲಿ ಐ-ಪಾಸ್ ಎಂಬ ಐದು ಅಂಗಗಳ ಪದ್ಧತಿ ರೂಪಿಸಿದ್ದಾರೆ. ರೋಗ ಎಷ್ಟು ತೀವ್ರ, ರೋಗಿಯ ವಿವರ, ಮಾಡಬೇಕಾದ ಕೆಲಸ, ಮುಂದೆ ಏನಾದರೆ ಏನು ಎಂಬ ನಾಲ್ಕನ್ನೂ ಕೊಡುವವರು ಹೇಳುತ್ತಾರೆ. ಐದನೆಯದು ತೆಗೆದುಕೊಳ್ಳುವವರದು: ತಮಗೆ ತಿಳಿದದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು, ಪ್ರಶ್ನೆ ಕೇಳಬೇಕು. ಮಕ್ಕಳ ವೈದ್ಯರ ಒಂಬತ್ತು ತರಬೇತಿ ಕೇಂದ್ರಗಳಲ್ಲಿ ಇದನ್ನು ಜಾರಿಗೆ ತಂದು ನೋಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ವೈದ್ಯಕೀಯ ತಪ್ಪುಗಳು ಶೇ. 23ರಷ್ಟು ಇಳಿದಿದ್ದವು. ಆ ಇಳಿಕೆಯಲ್ಲಿ ಐದನೆಯ ಅಂಗದ ಪಾಲು ಎಷ್ಟೆಂದು ಬೇರ್ಪಡಿಸಿ ಹೇಳಲಾಗದು, ಇಡೀ ಪದ್ಧತಿಯನ್ನು ತರಬೇತಿಯ ಸಮೇತ ಒಟ್ಟಿಗೇ ತಂದಿದ್ದರು. ಆದರೂ ಪುಸ್ತಕದ ಕಚೇರಿಗೆ ಎತ್ತಿಕೊಳ್ಳಲು ಸುಲಭವಾದದ್ದು ಅದೇ. ಹೊಸಬನನ್ನು ಕೂರಿಸಿ, ಟಿಪ್ಪಣಿ ಒಂದನ್ನೇ ಕೊಟ್ಟು, 'ಸೋಮವಾರ ಬೆಳಿಗ್ಗೆ ಬಂದು ಮೊದಲು ಏನು ಮಾಡ್ತೀಯಪ್ಪ? ಏನನ್ನ ಮುಟ್ಟೋದಿಲ್ಲ?' ಎಂದು ಕೇಳಿದರೆ ಸಾಕು. ಉತ್ತರಕ್ಕಾಗಿ ಅವನು ಹಳೆಯ ಮಾತುಕತೆ ತೆರೆಯಬೇಕಾಗಿ ಬಂದರೆ, ಅಲ್ಲಿ ಟಿಪ್ಪಣಿ ಸೋತಿದೆ.

ನಮ್ಮ ತರುಣ ಹೇಳುತ್ತಾನೆ: 'ಪ್ರೆಸ್ಸಿನ ರೇಟು ಬಂದಿದೆಯಾ ನೋಡ್ತೀನಿ ಮೇಡಂ. ಆಡುಮಾತು ಮುಟ್ಟೋದಿಲ್ಲ, ಮುಖಪುಟ ಕಳಿಸೋದಿಲ್ಲ.' ಸ್ವಲ್ಪ ಹೊತ್ತು ಹಾಳೆ ನೋಡಿ, 'ರೇಟ್ ಕೇಳಿದ್ದು ಏಪ್ರಿಲ್ 2ಕ್ಕೆ ಅಲ್ವಾ? ಮುನ್ನುಡಿ ಬಂದಿದ್ದು 4ಕ್ಕೆ. ಹಾಗಿದ್ರೆ ಅವ್ರು ಲೆಕ್ಕ ಹಾಕೋದು 208 ಪುಟಕ್ಕೆ' ಎನ್ನುತ್ತಾನೆ. ಬರೆದವರಿಗೂ ತಿದ್ದಿದವರಿಗೂ ಹೊಳೆಯದೇ ಹೋದದ್ದು. ಅದೂ ಅಲ್ಲದೆ ನಿಂತಿರುವ ತೀರ್ಮಾನ 500ರದು, ದರ ಕೇಳಿದ್ದು ಸಾವಿರಕ್ಕೆ ಮಾತ್ರ. ಆಫ್‌ಸೆಟ್ಟಿನಲ್ಲಿ ಪ್ಲೇಟಿನ ಖರ್ಚು, ಯಂತ್ರ ಹೊಂದಿಸುವ ಖರ್ಚು ಎಷ್ಟು ಪ್ರತಿಗೂ ಅಷ್ಟೇ, ಆದ್ದರಿಂದ ಸಾವಿರದ ದರವನ್ನು ಅರ್ಧ ಮಾಡಿಕೊಂಡು 500ರ ದರ ಹೇಳಲಾಗುವುದಿಲ್ಲ.

ಟಿಪ್ಪಣಿಯ ಬಾಕಿ ಪಟ್ಟಿಗೆ ಇನ್ನೊಂದು ಸಾಲು ಸೇರುತ್ತದೆ, ಅದೇ ದಿನದ ತಾರೀಖಿನೊಂದಿಗೆ. ಕಡತ ಇಬ್ಬರ ಖಾಸಗಿ ಫೋನಿನಲ್ಲಿ ಉಳಿಯದೆ ಪುಸ್ತಕದ ಫೋಲ್ಡರಿಗೆ ಹೋಗುತ್ತದೆ. ಇನ್ನು ಮುಂದೆ ಬದಲಾಗುವ ತೀರ್ಮಾನವನ್ನು ಹಳೆಯದನ್ನು ಅಳಿಸದೆ ಅದರ ಕೆಳಗೇ ಬರೆಯುವುದೆಂದು ಮೂವರೂ ಒಪ್ಪುತ್ತಾರೆ. ಮಧ್ಯಾಹ್ನ ತಯಾರಿಕೆಯವರಿಂದ ಪ್ರೆಸ್ಸಿಗೆ ಸಂದೇಶ ಹೋಗುತ್ತದೆ: 'ಡೆಮಿ 1/8, 216 ಪುಟ, ಒಳಗೆ 80 ಜಿಎಸ್‌ಎಂ ಮ್ಯಾಪ್ಲಿಥೋ. 500ಕ್ಕೆ ಎಷ್ಟು, 1000ಕ್ಕೆ ಎಷ್ಟು, ಬೇರೆ ಬೇರೆ ಬರೆದು ಕಳಿಸಿ. ಬೆನ್ನಿನ ಅಳತೆಗೆ ಒಂದು ಡಮ್ಮಿ ಬೇಕು.'